‘ಮಾರ್ತೀನಿ ಅಂದ್ರು’ ಇಂಗ್ಲಿಷಿಗೆ ಹೋದಾಗ: ‘ದಟ್’ ನಂತರದ ಟೆನ್ಸ್ ಹಿಡಿಯುವುದು ಹೇಗೆ?

ದಾವಣಗೆರೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಸಂಜೆ ಹೊತ್ತು ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತೇನೆ. ಹೋದ ತಿಂಗಳು ಬೋರ್ಡಿನ ಮೇಲೆ ಈ ಪ್ರಶ್ನೆ ಬರೆದೆ:

ಫಾದರ್ ಟೋಲ್ಡ್ ಮಿ ದಟ್ ಹಿ ____ ದ ಮೇಜ್ ದ ನೆಕ್ಸ್ಟ್ ಡೇ.
ಎ) ವಿಲ್ ಸೆಲ್  ಬಿ) ವುಡ್ ಸೆಲ್  ಸಿ) ವುಡ್ ಸೋಲ್ಡ್  ಡಿ) ಹ್ಯಾಡ್ ಸೋಲ್ಡ್

ಜಗಳೂರು ಕಡೆಯ ಒಬ್ಬ ಹುಡುಗಿ ತಕ್ಷಣ ‘ಎ’ ಅಂದಳು. ಯಾಕಮ್ಮ ಎಂದು ಕೇಳಿದೆ. “ಅಪ್ಪ ನಾಳೆ ಮೆಕ್ಕೆಜೋಳ ಮಾರ್ತೀನಿ ಅಂದ್ರು ಸರ್. ಮಾರ್ತೀನಿ ಅಂದ್ರೆ ವಿಲ್ ಸೆಲ್ ತಾನೆ?”

ಅವಳ ಕನ್ನಡದಲ್ಲಿ ಒಂದಕ್ಷರ ತಪ್ಪಿಲ್ಲ. ತೊಡಕು ಇರುವುದೇ ಅಲ್ಲಿ. ನಾವು ಇನ್ನೊಬ್ಬರ ಮಾತು ಹೇಳುವಾಗ ಅವರ ಬಾಯಿಂದ ಬಂದದ್ದನ್ನು ಹಾಗೇ ಇಟ್ಟು, ಮುಂದೆ ‘ಅಂತ’ ಅಥವಾ ‘ಎಂದು’ ಸೇರಿಸುತ್ತೇವೆ. ‘ಅಂದ್ರು’ ಭೂತಕಾಲ, ಆದರೂ ‘ಮಾರ್ತೀನಿ’ ಅಲುಗಾಡುವುದಿಲ್ಲ. ಕಾಲವಷ್ಟೇ ಅಲ್ಲ, ಅಪ್ಪನ ‘ನಾನು’ ಕೂಡ ಆ ‘ಮಾರ್ತೀನಿ’ಯೊಳಗೆ ಹಾಗೇ ಉಳಿಯುತ್ತದೆ. ಇಂಗ್ಲಿಷಿನ ‘ದಟ್’ ಇದಕ್ಕೆ ಬಿಡುವುದಿಲ್ಲ. ಅಲ್ಲಿ ಮಾತಾಡುವವಳು ಮಗಳು. ಹಾಗಾಗಿ ಅಪ್ಪನ ‘ಐ’ ‘ಹಿ’ ಆಗುತ್ತದೆ, ‘ವಿಲ್’ ‘ವುಡ್’ ಆಗುತ್ತದೆ. ‘ಹಿ’ ಬಂದದ್ದನ್ನು ನಮ್ಮ ಹುಡುಗರು ಸುಲಭವಾಗಿ ಒಪ್ಪುತ್ತಾರೆ, ‘ವುಡ್’ ಮಾತ್ರ ಕೈಗೆ ಬರುವುದಿಲ್ಲ. ಎರಡೂ ಒಂದೇ ಕಾರಣಕ್ಕೆ ಆಗುವ ಬದಲಾವಣೆ ಎಂದು ಹೇಳಿದ ಮೇಲೆ ಅನೇಕರಿಗೆ ದಾರಿ ಸಿಗುವುದನ್ನು ನೋಡಿದ್ದೇನೆ.

ಇನ್ನು ಹೆಜ್ಜೆಗಳಿಗೆ ಬರೋಣ. ಖಾಲಿ ಜಾಗವನ್ನು ಆಮೇಲೆ ನೋಡಿ. ಮೊದಲು ‘ದಟ್’ ಹಿಂದಿರುವ ಕ್ರಿಯಾಪದಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ‘ಟೋಲ್ಡ್’, ‘ಸೆಡ್’, ‘ಥಾಟ್’, ‘ನ್ಯೂ’ ಇದ್ದರೆ ಭೂತಕಾಲ, ಮುಂದಿನ ಟೆನ್ಸ್ ಹಿಂದೆ ಸರಿಯಬೇಕು. ‘ಸೇಸ್’ ಅಥವಾ ‘ಹ್ಯಾಸ್ ಟೋಲ್ಡ್’ ಇದ್ದರೆ ಸರಿಸುವ ಕೆಲಸವೇ ಇಲ್ಲ: ‘ಫಾದರ್ ಸೇಸ್ ದಟ್ ಹಿ ವಿಲ್ ಸೆಲ್ ದ ಮೇಜ್’ ಸರಿಯಾದ ವಾಕ್ಯ.

ಎರಡನೆಯ ಹೆಜ್ಜೆಯೇ ಮುಖ್ಯ. ಅಪ್ಪ ಹೇಳಿದ ಗಳಿಗೆಯಲ್ಲಿ ಹೋಗಿ ನಿಂತುಕೊಳ್ಳಿ. ಮಾರಾಟ ಆ ಗಳಿಗೆಗೆ ಮುಂದಿತ್ತೋ, ಅದೇ ಹೊತ್ತಿಗೆ ನಡೆಯುತ್ತಿತ್ತೋ, ಅದಕ್ಕೂ ಮೊದಲೇ ಮುಗಿದಿತ್ತೋ? ಇವತ್ತಿನಿಂದ ಲೆಕ್ಕ ಹಾಕಬೇಡಿ. ಇವತ್ತಿನಿಂದ ನೋಡಿದರೆ ಎಲ್ಲವೂ ಮುಗಿದುಹೋದ ಸಂಗತಿಯೇ, ಹಾಗೆ ನೋಡಿದವರೇ ‘ಹ್ಯಾಡ್ ಸೋಲ್ಡ್’ಗೆ ಕೈ ಹಾಕುವುದು. ‘ದ ನೆಕ್ಸ್ಟ್ ಡೇ’ ಎಂದಿರುವುದರಿಂದ ಮಾರಾಟ ಮುಂದಿದೆ, ಆದ್ದರಿಂದ ‘ವುಡ್’. ಈಗ ಬೋರ್ಡಿನಲ್ಲಿ ಆ ಮಾತು ಅಳಿಸಿ ‘ದ ಪ್ರೀವಿಯಸ್ ಡೇ’ ಎಂದು ಬರೆಯಿರಿ. ಬೇರೇನೂ ಬದಲಾಗಿಲ್ಲ, ಆದರೆ ಉತ್ತರ ‘ಡಿ’ಗೆ ಹೋಗುತ್ತದೆ. ‘ಅಟ್ ದಟ್ ಮೊಮೆಂಟ್’ ಎಂದು ಬರೆದರೆ ನಾಲ್ಕರಲ್ಲಿ ಒಂದೂ ಹೊಂದುವುದಿಲ್ಲ, ‘ವಾಸ್ ಸೆಲ್ಲಿಂಗ್’ ಬೇಕಾಗುತ್ತದೆ. ಒಂದೇ ವಾಕ್ಯವನ್ನು ಹೀಗೆ ಮೂರು ಸಲ ತಿರುಗಿಸಿ ಬರೆದರೆ ಸಿಗುವ ಹಿಡಿತ ಮೂವತ್ತು ಬೇರೆ ಬೇರೆ ವಾಕ್ಯ ಬಿಡಿಸಿದರೂ ಸಿಗುವುದಿಲ್ಲ ಎನ್ನುವುದು ನನ್ನ ಅನುಭವ.

ಉಳಿದದ್ದು ‘ಸಿ’. ಕಾಲ ಸರಿದಂತೆ ಕಾಣಬೇಕು, ಆದರೆ ವಾಕ್ಯ ನಿಲ್ಲಬಾರದು ಎಂದು ಇಟ್ಟ ಆಪ್ಷನ್ ಅದು. ‘ವುಡ್’ ಮುಂದೆ ಕ್ರಿಯಾಪದದ ಮೂಲರೂಪವೇ ಬರಬೇಕು. ಹಿಂದೆ ಸರಿಯಬೇಕಾದ್ದು ‘ವಿಲ್’ ಮಾತ್ರ, ಅದು ‘ವುಡ್’ ಆದಲ್ಲಿಗೆ ಕೆಲಸ ಮುಗಿಯಿತು. ‘ಸೆಲ್’ ಅನ್ನೂ ಸರಿಸಿದರೆ ಒಂದೇ ಕಾಲವನ್ನು ಎರಡು ಸಲ ಸರಿಸಿದಂತೆ. ‘ವುಡ್ ಹ್ಯಾವ್ ಸೋಲ್ಡ್’ ಎಂಬ ಆಪ್ಷನ್ ಕೂಡ ಇದೇ ಜಾತಿಯದು. ವ್ಯಾಕರಣದಲ್ಲಿ ಆ ರೂಪ ಉಂಟು, ಆದರೆ ಇಲ್ಲಿ ಅರ್ಥ ‘ಮಾರುತ್ತಿದ್ದರು, ಮಾರಲಾಗಲಿಲ್ಲ’ ಎನ್ನುವ ಕಡೆಗೆ ಹೊರಳುತ್ತದೆ.

ಸಮಯ ಸೂಚಿಸುವ ಪದವೇ ಇಲ್ಲದಿದ್ದರೆ ಏನು ಮಾಡುವುದು? ಆಗ ನಮ್ಮ ‘ಅಂತ’ವೇ ಕೈಹಿಡಿಯುತ್ತದೆ. ಸಂದರ್ಭ ನೋಡಿ, ಮೂಲ ಮಾತನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ‘ತಲೆನೋವು ಇದೆ ಅಂದ’ ಎಂದಾದರೆ ‘ಹಿ ಸೆಡ್ ದಟ್ ಹಿ ಹ್ಯಾಡ್ ಎ ಹೆಡೇಕ್’. ‘ತಲೆನೋವು ಇತ್ತು ಅಂದ’ ಎಂದಾದರೆ ‘ಹ್ಯಾಡ್ ಹ್ಯಾಡ್’. ‘ಬರ್ತಾ ಇದೀನಿ ಅಂದ’ ಎಂದರೆ ‘ವಾಸ್ ಕಮಿಂಗ್’. ‘ಬಂದಿದೀನಿ’, ‘ಬಂದಿದ್ದೆ’ ಎರಡಕ್ಕೂ ‘ಹ್ಯಾಡ್ ಕಮ್’.

ಇದರಲ್ಲಿ ಒಂದು ಕಡೆ ಮಾತ್ರ ಕನ್ನಡ ನಮ್ಮನ್ನು ದಾರಿ ತಪ್ಪಿಸುತ್ತದೆ. ‘ನಡೀತೀನಿ’ ಎಂಬ ಒಂದೇ ರೂಪ ರೂಢಿಯನ್ನೂ ಹೇಳುತ್ತದೆ, ನಾಳೆಯ ಮಾತನ್ನೂ ಹೇಳುತ್ತದೆ. ‘ದಿನಾ ಕಾಲೇಜಿಗೆ ನಡೀತೀನಿ ಅಂದ’ ಎಂಬುದು ‘ಹಿ ಸೆಡ್ ದಟ್ ಹಿ ವಾಕ್ಡ್ ಟು ಕಾಲೇಜ್ ಎವ್ರಿ ಡೇ’. ಅದೇ ‘ನಾಳೆಯಿಂದ ನಡೀತೀನಿ ಅಂದ’ ಎಂದರೆ ‘ವುಡ್ ವಾಕ್’. ಆಪ್ಷನ್‌ಗಳಲ್ಲಿ ‘ವಾಕ್ಡ್’, ‘ವುಡ್ ವಾಕ್’ ಎರಡೂ ಇದ್ದರೆ ‘ದಿನಾ’ ಸೇರಿಸಿದರೆ ಒಪ್ಪುತ್ತದೋ, ‘ನಾಳೆಯಿಂದ’ ಸೇರಿಸಿದರೆ ಒಪ್ಪುತ್ತದೋ ಪರೀಕ್ಷಿಸಿ ನೋಡಿ.

ಟೆನ್ಸ್ ಸರಿಸಬಾರದ ಜಾಗಗಳೂ ಇವೆ. ನಿತ್ಯಸತ್ಯ ಎಲ್ಲರಿಗೂ ಗೊತ್ತು: ‘ದ ಟೀಚರ್ ಸೆಡ್ ದಟ್ ಐಸ್ ಫ್ಲೋಟ್ಸ್ ಆನ್ ವಾಟರ್’. ಪರೀಕ್ಷೆಯಲ್ಲಿ ‘ಫ್ಲೋಟ್ಸ್’ ಆರಿಸಿ. ಜನ ಎಡವುವುದು ಇಸವಿ ಇರುವ ವಾಕ್ಯದಲ್ಲಿ. ‘ದ ಟೀಚರ್ ಟೋಲ್ಡ್ ಅಸ್ ದಟ್ ದಾವಣಗೆರೆ ____ ಎ ಡಿಸ್ಟ್ರಿಕ್ಟ್ ಇನ್ 1997’ ಎಂಬುದಕ್ಕೆ ‘ಬಿಕೇಮ್’ ಸಾಕು. ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದ ವರ್ಷ ಅಲ್ಲೇ ಕೂತಿದೆ, ಮೇಷ್ಟ್ರು ಹೇಳುವುದಕ್ಕಿಂತ ಅದು ಹಿಂದಿನದು ಎಂದು ತಿಳಿಸಲು ‘ಹ್ಯಾಡ್’ ಬೇಕಿಲ್ಲ. ‘ಹ್ಯಾಸ್ ಬಿಕಮ್’ ಅಂತೂ ಇಸವಿಯ ಜೊತೆ ಬರುವುದೇ ಇಲ್ಲ.

ಈ ನಿಯಮ ಎಲ್ಲಿ ಸಡಿಲವಾಗುತ್ತದೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ಏಳು ಸುತ್ತಿನ ಕೋಟೆ ನೋಡಿಬಂದವರ ವಾಕ್ಯ ಇದು: ‘ದ ಗೈಡ್ ಟೋಲ್ಡ್ ಅಸ್ ದಟ್ ದ ಫೋರ್ಟ್ ____ ಸೆವೆನ್ ವಾಲ್ಸ್’. ಸುತ್ತುಗಳು ಇವತ್ತಿಗೂ ಇರುವುದರಿಂದ ಇಂಗ್ಲಿಷ್ ಆಡುವವರು ‘ಹ್ಯಾಸ್’ ಎಂದೂ ಹೇಳುತ್ತಾರೆ, ‘ಹ್ಯಾಡ್’ ಎಂದೂ ಹೇಳುತ್ತಾರೆ. ಎರಡೂ ಸರಿ. ಒಳ್ಳೆಯ ಪ್ರಶ್ನೆಪತ್ರಿಕೆ ಇವೆರಡನ್ನೂ ಒಂದೇ ಸಾಲಿನಲ್ಲಿ ಇಡುವುದಿಲ್ಲ. ‘ಹ್ಯಾಡ್’ ಜೊತೆಗೆ ‘ಹ್ಯಾವ್’, ‘ಹ್ಯಾವಿಂಗ್’, ‘ವಿಲ್ ಹ್ಯಾವ್’ ಇಡುತ್ತದೆ. ಎರಡನ್ನೂ ಇಟ್ಟಿದ್ದರೆ ಪರೀಕ್ಷಾ ಕೊಠಡಿಯಲ್ಲಿ ಪಾಠದ ನಿಯಮದಂತೆ ‘ಹ್ಯಾಡ್’ ಗುರುತಿಸಿ. ಕೀ ಉತ್ತರ ಬಂದಾಗ ಆಕ್ಷೇಪಣೆಗೆ ಅವಕಾಶ ಕೊಟ್ಟಿದ್ದರೆ, ಎರಡೂ ಸರಿ ಎಂದು ಕಾರಣ ಸಮೇತ ಬರೆದು ಸಲ್ಲಿಸಿ.

ಮರುದಿನ ಆ ಹುಡುಗಿ ತಾನೇ ಒಂದು ಪ್ರಶ್ನೆ ಮಾಡಿ ತಂದಳು: ‘ಫಾದರ್ ಸೆಡ್ ದಟ್ ದ ಟ್ರೇಡರ್ ____ ಹಿಮ್ ಯೆಟ್’. ಆಪ್ಷನ್‌ಗಳು ‘ಹ್ಯಾಸ್ ನಾಟ್ ಪೇಡ್’, ‘ಹ್ಯಾಡ್ ನಾಟ್ ಪೇಡ್’, ‘ಹ್ಯಾಡ್ ನಾಟ್ ಪೇ’, ‘ವುಡ್ ನಾಟ್ ಪೇಡ್’. ಮೂಲ ಮಾತೇನಮ್ಮ ಎಂದೆ. “ವ್ಯಾಪಾರಿ ಇನ್ನೂ ದುಡ್ಡು ಕೊಟ್ಟಿಲ್ಲ ಅಂದ್ರು ಸರ್” ಎಂದವಳು, ಹಾಗೆ ಹೇಳುತ್ತಲೇ ಎರಡನೆಯದಕ್ಕೆ ಗುರುತು ಹಾಕಿದಳು.