ನೈಟ್ ಡ್ಯೂಟಿ ನಡುವೆ ನೀಟ್ ಪಿಜಿ: ನನ್ನ ಅನುಭವ

"ಕೋಚಿಂಗ್ ವಿಡಿಯೋ ಮುಗಿಸದೆ ಪಿಜಿ ಸೀಟು ಸಿಗುತ್ತಾ?" ಅಂತ ಯೂನಿಟ್‌ನಲ್ಲಿ ಕೇಳದವರಿಲ್ಲ. ಸಿಕ್ಕಿತು. ಅದೂ ನನಗೆ ಬೇಕಿದ್ದ ಪೀಡಿಯಾಟ್ರಿಕ್ಸ್.

ವಿಡಿಯೋ ಪ್ಲಾನಿಗೆ ನಾನೂ ದುಡ್ಡು ಸುರಿದಿದ್ದೆ. ಹತ್ತಿರ ಹತ್ತಿರ ಒಂದು ತಿಂಗಳ ಇಂಟರ್ನ್‌ಶಿಪ್ ಸ್ಟೈಪೆಂಡ್. ಸರ್ಜರಿ ಪೋಸ್ಟಿಂಗ್‌ನಲ್ಲಿ ನೈಟ್ ಮುಗಿಸಿ, ರೌಂಡ್ಸ್ ಮುಗಿಸಿ, ರೂಮಿಗೆ ಬಂದು ಡಬಲ್ ಸ್ಪೀಡಿನಲ್ಲಿ ಹಚ್ಚುತ್ತಿದ್ದೆ. ಎಚ್ಚರವಾಗುವಷ್ಟರಲ್ಲಿ ಮೂರನೇ ವಿಡಿಯೋ ಓಡುತ್ತಿರುತ್ತಿತ್ತು. ಮೊದಲ ಮಾಕ್ ಟೆಸ್ಟ್‌ನಲ್ಲಿ 800ಕ್ಕೆ 280ರ ಆಸುಪಾಸು.

ಆಮೇಲೆ ವಿಡಿಯೋ ಬಿಟ್ಟು ಪ್ರಶ್ನೆ ಹಿಡಿದೆ. 2024ರಿಂದ ಪೇಪರ್ ಐದು ಸೆಕ್ಷನ್ ಆಗಿದೆಯಲ್ಲ, ಒಂದೊಂದಕ್ಕೂ 40 ಪ್ರಶ್ನೆ, 42 ನಿಮಿಷ. ಟೈಮ್ ಮುಗಿದರೆ ಆ ಸೆಕ್ಷನ್‌ಗೆ ವಾಪಸ್ ಹೋಗೋಕಾಗಲ್ಲ. ಹಾಗಾಗಿ ದಿನದ ಓದನ್ನೂ ಅದೇ ಅಳತೆಗೆ ಕತ್ತರಿಸಿದೆ. ನೈಟ್ ಇಲ್ಲದ ದಿನ ಎರಡು ಬ್ಲಾಕ್, ಎಲ್ಲ ಸಬ್ಜೆಕ್ಟ್ ಕಲೆಸಿ. ಬ್ಲಾಕ್‌ಗಿಂತ ತಪ್ಪು ನೋಡೋಕೇ ಜಾಸ್ತಿ ಹೊತ್ತು, ಒಂದೂವರೆ ಗಂಟೆ ಆದರೂ ಬೇಕು. ಬರೆದದ್ದು ತಪ್ಪಾದವು ಮತ್ತು ಅಂದಾಜಿಗೆ ಸರಿಯಾದವು ಮಾತ್ರ, ಒಂದಕ್ಕೆ ಒಂದೇ ಸಾಲು.

ನೈಟ್‌ನಲ್ಲಿ ಬ್ಲಾಕ್ ಮುಟ್ಟಲೇ ಇಲ್ಲ. 42 ನಿಮಿಷ ಯಾರು ಕೂರೋಕೆ ಬಿಡ್ತಾರೆ? ಬದಲಿಗೆ ಕೈಗೆ ಬಂದ ಕೇಸನ್ನೇ ಪ್ರಶ್ನೆ ಮಾಡಿದೆ. ಲೇಬರ್ ವಾರ್ಡಿನಲ್ಲಿ ಒಂದು ರಾತ್ರಿ ಸಿವಿಯರ್ ಪ್ರಿಎಕ್ಲಾಂಪ್ಸಿಯಾ ಕೇಸ್, ಪ್ರಿಚರ್ಡ್ ರೆಜಿಮನ್ ಶುರುವಾಗಿತ್ತು. ಮೆಗ್ನೀಷಿಯಂ ಸಲ್ಫೇಟ್ 4 ಗ್ರಾಂ ಐವಿ, ಎರಡೂ ಪೃಷ್ಠಕ್ಕೆ ತಲಾ 5 ಗ್ರಾಂ ಐಎಂ, ಆಮೇಲೆ ನಾಲ್ಕು ಗಂಟೆಗೊಮ್ಮೆ 5 ಗ್ರಾಂ. ಪ್ರತಿ ಡೋಸ್‌ಗೂ ಮೊದಲು ನೀ ಜರ್ಕ್, ಉಸಿರು, ಯೂರಿನ್ ನೋಡೋದು ಇಂಟರ್ನ್ ಕೆಲಸ ತಾನೇ. ಹ್ಯಾಮರ್ ಹಿಡಿದು ನಿಂತಲ್ಲೇ ಮೂರು ಪ್ರಶ್ನೆ ಜೇಬಿನ ಡೈರಿಗೆ ಇಳಿದವು: ಟಾಕ್ಸಿಸಿಟಿಯಲ್ಲಿ ಮೊದಲು ಹೋಗೋದು ಯಾವುದು? ಯೂರಿನ್ ಗಂಟೆಗೆ 30 ಎಂಎಲ್‌ಗಿಂತ ಇಳಿದರೆ ಮುಂದಿನ ಡೋಸ್ ಏನು ಮಾಡ್ತೀರಿ? ಆಂಟಿಡೋಟ್ ಯಾವುದು, ಎಷ್ಟು? ಜರ್ಕ್, ತಡೆಹಿಡಿ, ಕ್ಯಾಲ್ಸಿಯಂ ಗ್ಲುಕೋನೇಟ್ 1 ಗ್ರಾಂ. ಉತ್ತರ ಬೆಳಿಗ್ಗೆ ನಿದ್ದೆ ಮಾಡಿ ಎದ್ದ ಮೇಲೆ ಬರೆಯೋದು, ಅಲ್ಲೇ ಅಲ್ಲ. ಮಲಗದೆ ಬ್ಲಾಕ್ ಮಾಡಿಯೂ ನೋಡಿದೆ. ಉತ್ತರ ಗೊತ್ತಿರುವ ಪ್ರಶ್ನೆಗಳೇ ತಪ್ಪಾಗುತ್ತಿದ್ದವು.

ನಡುವೆ ಸುಮ್ನೆ ಒಂದು ಪ್ರಯೋಗ. ತಪ್ಪುಗಳನ್ನು ನನ್ನ ದನಿಯಲ್ಲೇ ರೆಕಾರ್ಡ್ ಮಾಡಿ ಬಸ್ಸಿನಲ್ಲಿ ಕೇಳಿದೆ. ಫಾರ್ಮಾಗೆ ಓಕೆ. ಇಮೇಜ್ ಪ್ರಶ್ನೆಗೆ ದಂಡ.

ಊಹೆ ವಿಷಯದಲ್ಲೂ ಜಗಳ ಇತ್ತು. ನೆಗೆಟಿವ್ ಅಂತ ಗೆಳೆಯರು ಖಾಲಿ ಬಿಡುತ್ತಿದ್ದರು. ಸರಿಗೆ 4, ತಪ್ಪಿಗೆ ಮೈನಸ್ 1. ನಾಲ್ಕರಲ್ಲಿ ಎರಡು ಆಪ್ಷನ್ ಹೊಡೆದು ಹಾಕಿ ಊಹಿಸಿದರೆ ಸರಾಸರಿ ಒಂದೂವರೆ ಮಾರ್ಕ್ ಲಾಭ, ಬಿಡೋದು ಯಾಕೆ? ಕೊನೆಯ ಮಾಕ್‌ಗಳಲ್ಲಿ ಸುಮಾರು 140 ಸರಿ, 50 ತಪ್ಪು ಬರುತ್ತಿತ್ತು. ಅಂದರೆ 510.

ಟೆಸ್ಟ್ ಸೀರೀಸ್‌ಗೆ ಹೋದದ್ದು ಏಳೆಂಟು ಸಾವಿರ. ಪಿಎಚ್‌ಸಿ ಪೋಸ್ಟಿಂಗನ್ನು ಕೊನೆಗೆ ಹಾಕಿಸಿಕೊಂಡದ್ದೂ ಕೈ ಹಿಡಿಯಿತು. ಅದನ್ನು ಹೇಗೆ ಹಾಕಿಸಿಕೊಂಡೆ ಅಂತ ಮಾತ್ರ ಕೇಳಬೇಡಿ, ಜೂನಿಯರ್‌ಗಳು ಓದ್ತಿರ್ತಾರೆ.