32 ಕಾರ್ಡ್, 0.8 ಲರ್ನಿಂಗ್ ರೇಟ್: ನನ್ನ ಅನುಭವ

ಒಂದರ ಬದಲು 32 ಕಾರ್ಡ್ ಹಾಕಿದರೆ ಬ್ಯಾಚ್ 32 ಪಟ್ಟಾಗುತ್ತದೆ, ಹಾಗಾಗಿ ಲರ್ನಿಂಗ್ ರೇಟನ್ನೂ 32 ಪಟ್ಟು ಏರಿಸುತ್ತೇನೆ ಅಂದಾಗ ನಮ್ಮ ಟೀಮಿನಲ್ಲಿ ಎಲ್ಲರೂ ನಕ್ಕರು. ಹಿಂದೊಮ್ಮೆ ಯಾರೋ ಅದೇ ಪ್ರಯತ್ನ ಮಾಡಿ, ಬಾಡಿಗೆ ದುಡ್ಡು ಕಳೆದು, "ಇದು ಆಗಲ್ಲ" ಅಂತ ಬರೆದಿಟ್ಟಿದ್ದರು.

ಕೆಲಸ ಇಷ್ಟೇ. ಇಮೇಜ್‌ನೆಟ್ ಮೇಲೆ ರೆಸ್‌ನೆಟ್-50, ಎಸ್‌ಜಿಡಿಯಲ್ಲಿ 90 ಎಪಾಕ್. ಒಂದು ಜಿಪಿಯುನಲ್ಲಿ ಬ್ಯಾಚ್ 64, ರೇಟ್ 0.025. ನಾಲ್ಕು ದಿನ ಹಿಡಿಯುತ್ತಿತ್ತು, ಬಾಡಿಗೆ ಸುಮಾರು 23 ಸಾವಿರ, ನಿಖರತೆ 76ರ ಆಸುಪಾಸು.

ಮೊದಲು ರೇಟ್ ಮುಟ್ಟದೆ ಸುಮ್ನೆ 32 ಕಾರ್ಡಿಗೆ ಹಾಕಿದೆ. ಕಾರ್ಡುಗಳಿಗೆ ಕೆಲಸ ಹಂಚುವ ಪೈಟಾರ್ಚ್‌ನ ಡಿಡಿಪಿ ಗ್ರೇಡಿಯೆಂಟುಗಳ ಸರಾಸರಿ ತೆಗೆಯುತ್ತದೆ, ಕೂಡಿಸುವುದಿಲ್ಲ. ಒಂದು ಎಪಾಕ್‌ಗೆ 20,000 ಇದ್ದ ಸ್ಟೆಪ್ 625ಕ್ಕೆ ಇಳಿಯಿತು, ಆದರೆ ಹೆಜ್ಜೆ ಅಷ್ಟೇ ಚಿಕ್ಕದು. ಎಪಾಕ್ ಮುಗಿದರೂ ಮಾಡೆಲ್ ಅರ್ಧ ದಾರಿಯಲ್ಲೇ ಇತ್ತು. ದುಡ್ಡು ನೀರಿಗೆ ಹೋಯಿತು.

ಆಮೇಲೆ ನೇರ 0.8 ಕೊಟ್ಟೆ. ಲಾಸ್ 6.9ರ ಹತ್ತಿರ ಬಹಳ ಹೊತ್ತು ಕೂತಿತ್ತು. ಸಾವಿರ ಕ್ಲಾಸಿಗೆ ಕಣ್ಣುಮುಚ್ಚಿ ಉತ್ತರ ಹೇಳಿದರೆ ಬರುವ ಲಾಸ್ ಅದು. ನಿಧಾನಕ್ಕೆ ಇಳಿದರೂ ಕೊನೆಗೆ ಮುಕ್ಕಾಲು ಪಾಯಿಂಟ್ ಕಡಿಮೆಯೇ ಬಂತು. ಎಂಟು ಕಾರ್ಡಿನಲ್ಲಿ, 0.2ರಲ್ಲಿ ಈ ಕಾಟ ಕಾಣಲೇ ಇಲ್ಲ.

ಸರಿಹೋಗಿದ್ದು ಐದು ಎಪಾಕ್ ವಾರ್ಮಪ್‌ನಿಂದ, ಅಂದರೆ ರೇಟನ್ನು 0.025ರಿಂದ 0.8ಕ್ಕೆ ನಿಧಾನಕ್ಕೆ ಏರಿಸಿದ್ದರಿಂದ:

```python
lr = 0.025 * (1 + 31 * min(1, step / 3125))
```

ಇದರ ಮೇಲೆ 30, 60, 80ನೇ ಎಪಾಕ್‌ನಲ್ಲಿ ಹತ್ತನೇ ಒಂದು ಮಾಡುವ ಮಾಮೂಲಿ ಇಳಿಕೆ. ಮತ್ತೆ 76 ಬಂತು, ಅದೂ ಮೂರೂವರೆ ಗಂಟೆಯಲ್ಲಿ. ಬಾಡಿಗೆ 28 ಸಾವಿರ ಇರಬೇಕು. ಐದು ಸಾವಿರ ಜಾಸ್ತಿ ಕೊಟ್ಟು ನಾಲ್ಕು ದಿನ ಉಳಿಸಿದೆ. ನಕ್ಕವರೇ ಈಗ ನನ್ನ ಕಾನ್ಫಿಗ್ ಕೇಳುತ್ತಾರೆ.

ಆ ಹಳೆಯ ಪ್ರಯತ್ನ ಯಾಕೆ ಬಿತ್ತು ಅಂತ ಕುತೂಹಲಕ್ಕೆ ಅದರ ಲಾಗ್ ತೆರೆದೆ. ರೇಟಿನ ಗೆರೆ ಕೊನೆಯವರೆಗೂ ಚಪ್ಪಟೆ! ಇಳಿಕೆಯನ್ನು ಸ್ಟೆಪ್ ಲೆಕ್ಕದಲ್ಲಿ ಬರೆದಿದ್ದರು, ಮೊದಲ ಇಳಿಕೆ 6 ಲಕ್ಷನೇ ಸ್ಟೆಪ್‌ಗೆ. 32 ಕಾರ್ಡಿನಲ್ಲಿ ಇಡೀ ಟ್ರೈನಿಂಗೇ 56 ಸಾವಿರ ಚಿಲ್ಲರೆ ಸ್ಟೆಪ್, ಇನ್ನೆಲ್ಲಿ ಇಳಿಯುತ್ತೆ? ಪಾಪ, ತಪ್ಪು ಪೂರ್ತಿ ರೇಟಿನ ಮೇಲೆ ಬಿತ್ತು.

 

ಬ್ಯಾಚಿನಷ್ಟೇ ಪಟ್ಟು ರೇಟ್ ಏರಿಸುವ ಈ ಲೆಕ್ಕ ಎಸ್‌ಜಿಡಿ ಬದಲು ಆಡಮ್‌ಡಬ್ಲ್ಯೂ ಆಪ್ಟಿಮೈಜರ್ ಬಳಸಿದರೂ ನಡೆಯುತ್ತಾ ಅಂತ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರ್ ಮೇಲೆ ನೋಡಿದೆ. 32 ಪಟ್ಟಿಗೆ ಲಾಸ್ ಸಿಡಿಯಿತು. ವರ್ಗಮೂಲದ ಲೆಕ್ಕದಲ್ಲಿ, ಅಂದರೆ ಸುಮಾರು 5.7 ಪಟ್ಟು ಕೊಟ್ಟಾಗ ಸುಧಾರಿಸಿತು.

ಎಸ್‌ಜಿಡಿಯಲ್ಲೂ ಇದಕ್ಕೆ ಮಿತಿ ಇದೆ. ಫೇಸ್‌ಬುಕ್‌ನವರು 2017ರಲ್ಲಿ ಇದೇ ನಿಯಮದಿಂದ 256 ಜಿಪಿಯು, 8192ರ ಬ್ಯಾಚ್ ತನಕ ನಿಖರತೆ ಬೀಳದಂತೆ ಹೋಗಿದ್ದರು. ನಾನು ಗ್ರೇಡಿಯೆಂಟ್ ಕೂಡಿಹಾಕಿ 16 ಸಾವಿರದ ಬ್ಯಾಚ್ ಮಾಡಿ ನೋಡಿದೆ. ವಾರ್ಮಪ್ ಎಷ್ಟು ಉದ್ದ ಎಳೆದರೂ 76 ವಾಪಸ್ ಬರಲಿಲ್ಲ.