ಬೆರಳೊತ್ತಿ ತೆರೆದ ಮೆನುವಿನ ಸ್ಕ್ರೀನ್‌ಶಾಟ್: ನನ್ನ ಅನುಭವ

ಟ್ಯಾಬ್ಲೆಟ್ ಬಳಸುವವರಿಗಾಗಿ ಬಳಕೆದಾರರ ಕೈಪಿಡಿಯೊಂದನ್ನು ಸಿದ್ಧಪಡಿಸುವಾಗ, ಫೈಲ್ ಒಂದರ ರೈಟ್‌ಕ್ಲಿಕ್ ಮೆನುವಿನ ಚಿತ್ರ ನನಗೆ ಬೇಕಾಗಿತ್ತು. ಮೇಜಿನ ಕಂಪ್ಯೂಟರಿನಲ್ಲಿ ಮೌಸ್‌ನಿಂದ ತೆಗೆದ ಚಿತ್ರವನ್ನೇ ಹಾಕಬಹುದಿತ್ತಾದರೂ, ವಿಂಡೋಸ್‌ನಲ್ಲಿ ಬೆರಳಿನಿಂದ ತೆರೆದ ಮೆನುವಿನ ಸಾಲುಗಳು ಹೆಚ್ಚು ಅಂತರದಲ್ಲಿರುತ್ತವೆ. ಅಲ್ಲದೆ, ಬಲಗೈ ಬಳಕೆಗೆ ಹೊಂದಿಸಿದ ಸಾಧನದಲ್ಲಿ ಮೆನು ಕೈಯಡಿ ಮರೆಯಾಗದಂತೆ ಬೆರಳಿನ ಎಡಕ್ಕೆ ತೆರೆದುಕೊಳ್ಳುತ್ತದೆ. ಓದುಗರು ತಮ್ಮ ಪರದೆಯಲ್ಲಿ ಕಾಣುವುದನ್ನೇ ಪುಟದಲ್ಲೂ ಕಾಣಬೇಕೆಂದು, ಚಿತ್ರವನ್ನು ಬೆರಳಿನಿಂದಲೇ ತೆಗೆಯಲು ನಿರ್ಧರಿಸಿದೆ.

ಫೈಲ್‌ನ ಮೇಲೆ ಬೆರಳನ್ನು ಒತ್ತಿ ಹಿಡಿದಾಗ ಮೊದಲು ಕಾಣುವುದು ಬೆರಳಿನ ಸುತ್ತ ಮೂಡುವ ಒಂದು ಚೌಕ ಮಾತ್ರ. ಬೆರಳನ್ನು ಎತ್ತಿದ ಮೇಲೆಯೇ ಮೆನು ತೆರೆಯುತ್ತದೆ. ಚೌಕ ಕಂಡ ಮೇಲೆ ಬೆರಳು ಸರಿದರೆ ಅದು ಫೈಲ್ ಎಳೆಯುವ ಕ್ರಿಯೆಯಾಗಿಬಿಡುವುದರಿಂದ ಬೆರಳನ್ನು ನೇರವಾಗಿ ಮೇಲೆತ್ತಬೇಕು. ಮೆನು ತೆರೆದ ಮೇಲೆ ಪರದೆಯ ಬೇರೆಲ್ಲಿ ಮುಟ್ಟಿದರೂ ಅದು ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಆ ಹೊತ್ತಿನಲ್ಲಿ ಸ್ಕ್ರೀನ್‌ಶಾಟ್ ಆ್ಯಪ್ ತೆರೆಯಲು ಹೋದರೆ ಹಿಡಿಯಬೇಕಾದ ಮೆನುವೇ ಮಾಯವಾಗಿರುತ್ತದೆ.

ಪರದೆಯನ್ನು ಮುಟ್ಟದೆ ಚಿತ್ರ ತೆಗೆಯುವುದೇ ಇದಕ್ಕೆ ಸರಳ ಪರಿಹಾರ. ಸರ್ಫೇಸ್ ಟ್ಯಾಬ್ಲೆಟ್‌ನಲ್ಲಿ ಪವರ್ ಗುಂಡಿಯನ್ನೂ ವಾಲ್ಯೂಮ್ ಹೆಚ್ಚಿಸುವ ಗುಂಡಿಯನ್ನೂ ಒಟ್ಟಿಗೆ ಒತ್ತಿ ಬಿಟ್ಟೆ. ಪರದೆ ಕ್ಷಣಕಾಲ ಮಂಕಾಯಿತು, ಮೆನು ಸಹಿತ ಇಡೀ ಪರದೆಯ ಚಿತ್ರ Pictures ಒಳಗಿನ Screenshots ಫೋಲ್ಡರಿನಲ್ಲಿ ಉಳಿಯಿತು. ಎರಡೂ ಗುಂಡಿಗಳು ಒಂದೇ ಕ್ಷಣದಲ್ಲಿ ಒತ್ತಲ್ಪಡಬೇಕು. ವಾಲ್ಯೂಮ್ ಗುಂಡಿ ಮುಂದಾದರೆ ಧ್ವನಿಯ ಪಟ್ಟಿಯೂ ಚಿತ್ರದೊಳಗೆ ಬರಬಹುದು.

ಗುಂಡಿಗಳನ್ನು ಒತ್ತಲು ಅನುಕೂಲವಿಲ್ಲದಂತೆ ಟ್ಯಾಬ್ಲೆಟ್ ಸ್ಟ್ಯಾಂಡಿನಲ್ಲಿ ಕುಳಿತಿದ್ದಾಗ Snipping Tool ಬಳಸಿದೆ. ಅದರಲ್ಲಿ 3, 5 ಮತ್ತು 10 ಸೆಕೆಂಡುಗಳ ವಿಳಂಬದ ಆಯ್ಕೆಗಳಿವೆ. ಒತ್ತಿ ಹಿಡಿಯುವುದಕ್ಕೇ ಸ್ವಲ್ಪ ಹೊತ್ತು ಹೋಗುವುದರಿಂದ 3 ಸೆಕೆಂಡು ಸಾಲದು. 5 ಆಯ್ದು, New ಒತ್ತಿ, ಕೂಡಲೇ ಫೈಲ್‌ನ ಮೇಲೆ ಬೆರಳಿಟ್ಟು ಎತ್ತಿದರೆ ಮೆನು ತೆರೆದಿರುವಾಗಲೇ ಪರದೆ ಸ್ತಬ್ಧವಾಗುತ್ತದೆ. ಸ್ತಬ್ಧವಾದದ್ದು ಚಿತ್ರವೇ ಹೊರತು ನಿಜವಾದ ಪರದೆಯಲ್ಲ. ಹಾಗಾಗಿ ಆಮೇಲೆ ಬೆರಳಿನಿಂದ ಬೇಕಾದ ಭಾಗವನ್ನು ನಿಧಾನವಾಗಿ ಗುರುತಿಸಬಹುದು. ಒಳಮೆನು ಬೇಕಿದ್ದರೆ 10 ಸೆಕೆಂಡುಗಳನ್ನೇ ಆಯ್ದುಕೊಳ್ಳುತ್ತೇನೆ. ಮೌಸ್‌ನ ಬಾಣವನ್ನು ಸುಮ್ಮನೆ ಮೇಲಿಟ್ಟರೆ ತೆರೆಯುವ ಒಳಮೆನುವಿಗೆ ಇಲ್ಲಿ ಇನ್ನೊಮ್ಮೆ ಮುಟ್ಟಬೇಕಾಗುತ್ತದೆ.

ಬೆರಳಿನಿಂದ ತೆರೆದ ಮೆನುವಿನಲ್ಲಿ ಬಾಣವೂ ಇರುವುದಿಲ್ಲ, ಬಾಣದಡಿಯ ಸಾಲು ಬಣ್ಣ ಬದಲಿಸುವುದೂ ಇಲ್ಲ. ಯಾವ ಸಾಲನ್ನು ಒತ್ತಬೇಕೆಂಬುದು ಚಿತ್ರದಿಂದ ತಾನಾಗಿ ತಿಳಿಯದ ಕಾರಣ, ಆ ಸಾಲಿನ ಸುತ್ತ ಕೆಂಪು ಚೌಕಟ್ಟನ್ನು ನಾನೇ ಬರೆದು ಚಿತ್ರವನ್ನು ಕೈಪಿಡಿಗೆ ಸೇರಿಸಿದೆ.